ಪಾದರಸದ ಸೆಲ್ ಹೋದದ್ದು ವಿಷದಿಂದಷ್ಟೇ ಅಲ್ಲ

ಕೆಮಿಕಲ್ ಎಂಜಿನಿಯರಿಂಗ್ ತರಗತಿಯಲ್ಲಿ ಕ್ಲೋರ್-ಆಲ್ಕಲಿ ಪಾಠ ಹೆಚ್ಚಾಗಿ ಎರಡು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ಒಂದು ಪಾದರಸದ ಸೆಲ್, ಅದರ ಪಕ್ಕದಲ್ಲಿ ‘ವಿಷಕಾರಿ’ ಎಂಬ ಷರಾ. ಇನ್ನೊಂದು ಮೆಂಬ್ರೇನ್ ಸೆಲ್, ಸೋಡಿಯಂ ಅಯಾನನ್ನು ಬಿಟ್ಟು ಕ್ಲೋರೈಡನ್ನು ತಡೆಯುವ ಜರಡಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ 1890ರ ದಶಕದಲ್ಲಿ ಕಾಸ್ಟ್ನರ್ ಮತ್ತು ಕೆಲ್ನರ್ ರೂಪಿಸಿದ ಪಾದರಸದ ಸೆಲ್ ಅಷ್ಟು ಕೆಟ್ಟದ್ದಾಗಿದ್ದರೆ ಮುಕ್ಕಾಲು ಶತಮಾನ ಹೇಗೆ ಬಾಳಿತು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಈ ಚಿತ್ರಗಳಲ್ಲಿ ಉತ್ತರ ಸಿಗುವುದಿಲ್ಲ.

ಅದು ಬಾಳಿದ್ದು ಅದರ ಸರಕಿನ ಗುಣದಿಂದ. ಸೋಡಿಯಂ ಪಾದರಸದಲ್ಲಿ ಕರಗಿ ಅಮಾಲ್ಗಮ್ ಆಗುತ್ತದೆ, ಉಪ್ಪುನೀರು ಹಿಂದೆಯೇ ಉಳಿಯುತ್ತದೆ. ಬೇರೆ ಪಾತ್ರೆಯಲ್ಲಿ ಶುದ್ಧ ನೀರು ಸೇರಿದಾಗ ನೇರವಾಗಿ 50% ಕಾಸ್ಟಿಕ್ ಸಿಗುತ್ತದೆ. ಅದರಲ್ಲಿ ಉಪ್ಪು ಬಹುತೇಕ ಇರುವುದಿಲ್ಲ. ಈ ಅನುಕೂಲವನ್ನು ಮುಚ್ಚಿಟ್ಟು ಪಾಠ ಮಾಡಿದರೆ ಜಪಾನಿನ ಕಥೆ ಅರ್ಥವಾಗುವುದಿಲ್ಲ. ಮಿನಮಾಟಾ ದುರಂತಕ್ಕೆ ಕ್ಲೋರ್-ಆಲ್ಕಲಿ ಸೆಲ್ ಕಾರಣ ಎಂದೇ ಎಷ್ಟೋ ಮಂದಿ ತಿಳಿದಿದ್ದಾರೆ. ಅಲ್ಲಿ ಪಾದರಸ ಸೋರಿದ್ದು ಅಸಿಟಾಲ್ಡಿಹೈಡ್ ಘಟಕದಿಂದ. ಆದರೂ ಆ ಭೀತಿಯಲ್ಲಿ ಜಪಾನ್ ಸರ್ಕಾರ 1973ರಲ್ಲಿ ಪಾದರಸದ ಸೆಲ್‌ಗಳನ್ನು ಕೈಬಿಡಲು ಹೇಳಿತು. ಕಾರ್ಖಾನೆಗಳು ಮೊದಲು ಹೋದದ್ದು ಡಯಾಫ್ರಾಮ್ ಸೆಲ್‌ಗೆ. ಅದರ 50% ಕಾಸ್ಟಿಕ್‌ನಲ್ಲಿ ಸುಮಾರು 1% ಉಪ್ಪು ಉಳಿಯುತ್ತಿತ್ತು, ರೇಯಾನ್ ತಯಾರಕರಿಗೆ ಅದು ಒಗ್ಗಲಿಲ್ಲ. ಬದಲಾವಣೆ ನಡುವೆಯೇ ನಿಂತಿತು. ಮೆಂಬ್ರೇನ್ ಪಕ್ವವಾದ ಮೇಲೆ ಮತ್ತೆ ಸಾಗಿ 1986ರಲ್ಲಿ ಮುಗಿಯಿತು. ಪಾದರಸವನ್ನು ಓಡಿಸಿದ್ದು ಕಾನೂನು, ಅದರ ಜಾಗ ತುಂಬಿದ್ದು ಶುದ್ಧತೆ. ನಮ್ಮ ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲೂ ಮೊದಲಿದ್ದದ್ದು ಪಾದರಸದ ಸೆಲ್ಲೇ. ಹಾಗಾಗಿ ಈ ಪಾಠ ನಮಗೆ ದೂರದ್ದೇನಲ್ಲ.

ಪಾಠದಲ್ಲಿ ಬಿಟ್ಟುಹೋಗುವ ಇನ್ನೊಂದು ಕಾರಣ ವೋಲ್ಟೇಜ್. ಅಮಾಲ್ಗಮ್ ಮಾಡಲು ಸಿದ್ಧಾಂತದ ಪ್ರಕಾರವೇ ಸುಮಾರು 3.1 ವೋಲ್ಟ್ ಬೇಕು. ನೀರಿನಿಂದ ನೇರ ಹೈಡ್ರೋಜನ್ ಬಿಡಿಸುವ ಮೆಂಬ್ರೇನ್ ಸೆಲ್‌ಗೆ 2.2 ಸಾಕು. ಆ ಹೆಚ್ಚುವರಿ ಶಕ್ತಿ ಮುಂದೆ ಅಮಾಲ್ಗಮ್ ಒಡೆಯುವ ಪಾತ್ರೆಯಲ್ಲಿ ಬರೀ ಶಾಖವಾಗಿ ಪೋಲಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಟನ್ ಕಾಸ್ಟಿಕ್‌ಗೆ ಫ್ಯಾರಡೆ ನಿಯಮದಂತೆ 670 ಕಿಲೋ ಆಂಪಿಯರ್-ಗಂಟೆ ಬೇಕು. ಕರೆಂಟ್ ದಕ್ಷತೆ 96% ಎಂದುಕೊಂಡರೆ, 4.2 ವೋಲ್ಟ್‌ನ ಪಾದರಸದ ಸೆಲ್ ಸುಮಾರು 2,930 ಯೂನಿಟ್ ತಿನ್ನುತ್ತದೆ, 3 ವೋಲ್ಟ್‌ನ ಮೆಂಬ್ರೇನ್ ಸೆಲ್ ಸುಮಾರು 2,090. ಹೌದು, ಮೆಂಬ್ರೇನ್ ಕೊಡುವುದು 32% ಕಾಸ್ಟಿಕ್. 50%ಗೆ ತರಲು ಟನ್ನಿಗೆ 1.1 ಟನ್ನಿನಷ್ಟು ನೀರು ಆವಿಯಾಗಿಸಬೇಕು. ಆ ಹಬೆಯ ಖರ್ಚು ಸೇರಿಸಿದರೂ ಮೆಂಬ್ರೇನೇ ಗೆಲ್ಲುತ್ತದೆ, ಆದರೆ ಅಂತರ ಬೋರ್ಡಿನ ಮೇಲೆ ಕಾಣುವಷ್ಟು ದೊಡ್ಡದಲ್ಲ.

ಇನ್ನು ಆ ಜರಡಿ. ಮೆಂಬ್ರೇನ್ ಅಯಾನುಗಳ ಗಾತ್ರ ನೋಡಿ ಆರಿಸುವುದಿಲ್ಲ. ಫ್ಲೋರಿನ್‌ಭರಿತ ಪಾಲಿಮರ್‌ನಲ್ಲಿ ಬಿಗಿಯಾಗಿ ಕೂತ ಋಣ ಗುಂಪುಗಳು ಋಣ ಅಯಾನುಗಳನ್ನು ದೂಡುತ್ತವೆ. ನಿಜವಾದ ಎದುರಾಳಿ ಕ್ಲೋರೈಡ್ ಅಲ್ಲ, ಹೈಡ್ರಾಕ್ಸೈಡ್. ಗಾಢ ಕಾಸ್ಟಿಕ್‌ನಿಂದ ಅದು ಆನೋಡಿನ ಕಡೆಗೆ ನುಗ್ಗಲು ನೋಡುತ್ತಲೇ ಇರುತ್ತದೆ. ಅದಕ್ಕೇ ಮೆಂಬ್ರೇನ್ ಎರಡು ಪದರದ್ದು: ಆನೋಡ್ ಕಡೆ ಕಡಿಮೆ ರೋಧದ ಸಲ್ಫೋನೇಟ್, ಕ್ಯಾಥೋಡ್ ಕಡೆ ಹೈಡ್ರಾಕ್ಸೈಡನ್ನು ತಡೆಯುವ ತೆಳ್ಳನೆಯ ಕಾರ್ಬಾಕ್ಸಿಲೇಟ್. ಜರಡಿಯ ಹೋಲಿಕೆ ಈ ಎರಡನೇ ಪದರವನ್ನು ವಿವರಿಸಲಾರದು.

ಅಷ್ಟೇ ಅಲ್ಲ, ಮೆಂಬ್ರೇನ್ ಹೇಗೆ ಕೆಡುತ್ತದೆ ಎಂಬುದನ್ನೂ ಅದು ಹೇಳದು. ಉಪ್ಪುನೀರಿನ ಕ್ಯಾಲ್ಸಿಯಂ ಧನ ಅಯಾನು. ಮೆಂಬ್ರೇನ್ ಅದನ್ನು ಸೋಡಿಯಂನಂತೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಎದುರಿನಿಂದ ಬಂದ ಹೈಡ್ರಾಕ್ಸೈಡ್ ಸಿಕ್ಕಿ ಅಲ್ಲೇ ಹರಳುಗಟ್ಟಿ, ಕಾರ್ಬಾಕ್ಸಿಲೇಟ್ ಪದರವನ್ನು ಹಾಳುಮಾಡುತ್ತದೆ. ಹಾಗಾಗಿ ಕ್ಯಾಲ್ಸಿಯಂ-ಮೆಗ್ನೀಸಿಯಂ ಒಟ್ಟು 20 ಪಿಪಿಬಿ ದಾಟಬಾರದು. ಪಾದರಸದ ಸೆಲ್ ಇದರ ನೂರಾರು ಪಟ್ಟು ಗಡಸುತನವನ್ನೂ ಸಹಿಸುತ್ತಿತ್ತು. ಹೊಸ ಸೆಲ್‌ನ ಅರ್ಧ ಪಾಠ ಸೆಲ್‌ನ ಹೊರಗೆ, ಉಪ್ಪುನೀರನ್ನು ತೊಳೆಯುವ ಅಯಾನು ವಿನಿಮಯದ ಕಾಲಂಗಳಲ್ಲಿದೆ. ಪಠ್ಯಪುಸ್ತಕದ ಚಿತ್ರದಲ್ಲಿ ಅವು ಒಂದು ಡಬ್ಬಿಯಾಗಿಯೂ ಇರುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು.

ಕಾಲಂ ಕೈಕೊಟ್ಟರೆ ಸೂಚನೆಗಳು ಸ್ಪಷ್ಟ. ಮೆಗ್ನೀಸಿಯಂ ನುಗ್ಗಿದರೆ ಮುಖ್ಯವಾಗಿ ಸೆಲ್ ವೋಲ್ಟೇಜ್ ಏರುತ್ತದೆ. ಕ್ಯಾಲ್ಸಿಯಂ ನುಗ್ಗಿದರೆ ಕರೆಂಟ್ ದಕ್ಷತೆ ಇಳಿಯುತ್ತದೆ; ಆನೋಡ್ ಕಡೆಗೆ ತಲುಪಿದ ಹೈಡ್ರಾಕ್ಸೈಡ್‌ನಿಂದ ಕ್ಲೋರಿನ್‌ನಲ್ಲಿ ಆಮ್ಲಜನಕವೂ ಉಪ್ಪುನೀರಿನಲ್ಲಿ ಕ್ಲೋರೇಟೂ ಹೆಚ್ಚುತ್ತವೆ. ದಕ್ಷತೆ 96ರಿಂದ 92ಕ್ಕೆ ಇಳಿದರೆ ಮೇಲಿನ ಲೆಕ್ಕದಲ್ಲೇ ಟನ್ನಿಗೆ 90 ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಆಮೇಲೆ ಉಪ್ಪುನೀರನ್ನು ಎಷ್ಟು ಶುದ್ಧ ಮಾಡಿದರೂ ಕಳೆದುಕೊಂಡ ದಕ್ಷತೆ ಪೂರ್ತಿ ಮರಳುವುದಿಲ್ಲ. ಹರಳುಗಳು ಕರಗಿದರೂ ಅವು ಮಾಡಿದ ತೂತುಗಳು ಮೆಂಬ್ರೇನಿನಲ್ಲಿ ಉಳಿದೇ ಇರುತ್ತವೆ.