ಸುವರ್ಣಯುಗವೆಂಬ ಹೆಸರು ಮತ್ತು ಓಲೆಗರಿಯ ಸಾಕ್ಷ್ಯ

ಪಂಪ, ಪೊನ್ನ, ರನ್ನರು ಬಾಳಿದ ಹತ್ತನೆಯ ಶತಮಾನವನ್ನು ಜೈನಸಾಹಿತ್ಯದ ಸುವರ್ಣಯುಗವೆಂದು ಕರೆಯುವುದು ರೂಢಿ. ಆ ಕವಿಗಳ ಹಿರಿಮೆಯಲ್ಲಿ ವಿವಾದವಿಲ್ಲ. ಆದರೆ ಒಂದು ಕಾಲವನ್ನು ಸುವರ್ಣವೆಂದೊಡನೆ ಅನಂತರದ ಕಾಲ ತಾನಾಗಿಯೇ ಕತ್ತಲೆಯಾಗಿಬಿಡುತ್ತದೆ. ಇ. ಪಿ. ರೈಸ್ ಅವರು 1915ರಲ್ಲಿ ಪ್ರಕಟಿಸಿದ ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಹನ್ನೆರಡನೆಯ ಶತಮಾನದ ನಡುವಿನವರೆಗಿನ ಅವಧಿಗೆ ಜೈನಯುಗವೆಂಬ ಹೆಸರಿದೆ. ಅದು ಮತಪ್ರಾಬಲ್ಯವನ್ನು ಸೂಚಿಸುವ ವಿಭಾಗ. ಓದುಗರು ಅದರಿಂದ ಮುಂದಿನದೆಲ್ಲ ಅವನತಿಯೆಂದು ಊಹಿಸಿದರೆ ಅದು ತರ್ಕದೋಷ.

ಈ ಊಹೆ ತುಳುನಾಡಿನಲ್ಲಿ ನಿಲ್ಲುವುದಿಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣ 1430ರದು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆ 1432ರದು. ರತ್ನಾಕರವರ್ಣಿಯು ಭರತೇಶವೈಭವವನ್ನು ಹದಿನಾರನೆಯ ಶತಮಾನದಲ್ಲಿ ರಚಿಸಿದನು. ವಿಜಯನಗರದ ವೈಭವಕ್ಕೆ 1565ರಲ್ಲಿ ಪೆಟ್ಟು ಬಿದ್ದ ಮೇಲೆಯೂ, 1604ರಲ್ಲಿ, ವೇಣೂರಿನ ಗೊಮ್ಮಟ ನಿಂತನು. ಘಟ್ಟದ ಮೇಲಿನ ಹಲವೆಡೆ ರಾಜಾಶ್ರಯ ಕುಗ್ಗಿದ್ದು ದಿಟ. ಆದರೆ ಆಶ್ರಯವು ಕರಾವಳಿಯ ಅರಸುಮನೆತನಗಳಿಗೂ ಶ್ರೇಷ್ಠಿಗಳಿಗೂ ಸಾಗಿತ್ತು. ಚಂಪುವಿನ ಬದಲು ಸಾಂಗತ್ಯ ಮೇಲೆ ಬಂದಿತ್ತು. ಆಸ್ಥಾನದ ಚಂಪುವನ್ನಷ್ಟೇ ಎಣಿಸುವವನಿಗೆ ಈ ಬದಲಾವಣೆ ಬೆಳಕು ಆರಿದಂತೆಯೇ ಕಾಣುತ್ತದೆ.

ಹಸ್ತಪ್ರತಿಗಳನ್ನು ಬಲ್ಲವರಿಗೆ ಇದಕ್ಕಿಂತ ಗಟ್ಟಿಯಾದ ಪ್ರಮಾಣವುಂಟು. ಫರ್ಡಿನಾಂಡ್ ಕಿಟ್ಟೆಲರು 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಮಂಗಳೂರಿನಿಂದ ಪ್ರಕಟಿಸಿದರು. ಗ್ರಂಥ ಹತ್ತನೆಯ ಶತಮಾನದ್ದು. ಆದರೆ ಅದು ಮುದ್ರಣಾಲಯವನ್ನು ತಲುಪಿದ್ದು ಬಹುಕಾಲದ ಅನಂತರ ಬರೆದ ಪ್ರತಿಗಳ ಮೂಲಕ. ಕರಾವಳಿಯ ತೇವಕ್ಕೂ ಹುಳುವಿಗೂ ಸಿಕ್ಕಿದ ಓಲೆಗರಿ ಜೀರ್ಣವಾಗುವ ಮುನ್ನ ಯಾರಾದರೂ ಕಂಠ ಹಿಡಿದು ಅದನ್ನು ಹೊಸ ಗರಿಗೆ ಇಳಿಸಲೇಬೇಕು. ಒಂದು ತಲೆಮಾರು ಉದಾಸೀನವಾದರೆ ಕೃತಿಯೇ ಅಳಿಯಬಹುದು. ಹಾಗಾದರೆ ‘ಸುವರ್ಣ’ದ ಕೃತಿಗಳನ್ನು ನಮಗೆ ಉಳಿಸಿಕೊಟ್ಟವರು ‘ಕತ್ತಲೆ’ಯ ಕಾಲದ ಲಿಪಿಕಾರರೇ.

ಆದುದರಿಂದ ಸೂಚೀಕರ್ತನು ಕೃತಿರಚನೆಯ ಕಾಲವನ್ನೂ ಪ್ರತಿಯ ಕಾಲವನ್ನೂ ಬೇರೆ ಬೇರೆ ಅಂಕಣಗಳಲ್ಲಿ ನಮೂದಿಸಬೇಕು. ಎರಡನ್ನೂ ಒಂದಾಗಿಸಿದರೆ ಲಿಪಿಕಾರನ ಶತಮಾನ ಬರಿದಾಗಿ ತೋರುತ್ತದೆ. ಪ್ರತಿಯ ಕೊನೆಯಲ್ಲಿ ಸಂವತ್ಸರದ ಹೆಸರಷ್ಟೇ ಇದ್ದು ಶಕವರ್ಷವಿಲ್ಲದಿದ್ದರೆ ಇನ್ನೂ ಎಚ್ಚರ ಬೇಕು: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಆಗ ತಿಥಿ, ವಾರಗಳ ಹೊಂದಿಕೆಯನ್ನೂ ಲಿಪಿಯ ರೂಪವನ್ನೂ ನೋಡಿ ನಿರ್ಣಯಿಸಬೇಕೇ ಹೊರತು, ಯುಗ ಕತ್ತಲೆಯದೆಂಬ ಪೂರ್ವಗ್ರಹದಿಂದ ಪ್ರತಿಯನ್ನು ಹಿಂದಕ್ಕೋ ಮುಂದಕ್ಕೋ ತಳ್ಳಬಾರದು.

ಅವಸರ್ಪಿಣಿಯ ಇಳಿಗಾಲವನ್ನು ಇಲ್ಲಿ ಆಧಾರವಾಗಿ ತರುವುದೂ ಸಲ್ಲದು. ಆಗಮೋಕ್ತವಾದ ಆ ಕಾಲಕ್ರಮವು ಆಯುಷ್ಯ, ದೇಹೋತ್ಸೇಧಗಳ ಕ್ಷಯವನ್ನು ಹೇಳುತ್ತದೆ. ಯಾವ ಶತಮಾನದಲ್ಲಿ ಎಷ್ಟು ಓಲೆ ಬರೆಯಲಾಯಿತೆಂಬುದನ್ನಲ್ಲ. ಅದನ್ನು ಹೇಳಬೇಕಾದದ್ದು ಪ್ರತಿಯ ಕೊನೆಯ ಗರಿ.