‘ನಾವು’ ಯಾರು? ವೆಚ್ಚ ಕಡಿತದ ಭಾಷಣದಲ್ಲಿ ಉತ್ತಮಪುರುಷ

ಸಂಸ್ಥಾಪಕನು ತನ್ನ ನೌಕರರನ್ನೆಲ್ಲ ಒಟ್ಟಿಗೆ ಸೇರಿಸಿ ಕಂಪನಿಯ ಸ್ಥಿತಿಗತಿಯನ್ನು ವಿವರಿಸುವ ಸಭೆಗೆ ಬೆಂಗಳೂರಿನ ಕಚೇರಿಗಳಲ್ಲಿ ‘ಟೌನ್‌ಹಾಲ್’ ಎನ್ನುತ್ತಾರೆ. ಆ ಪದಕ್ಕೆ ಕನ್ನಡದಲ್ಲಿ ‘ಪುರಭವನ’ ಎಂಬ ಸಮಾನ ಪದವಿದ್ದರೂ ಈ ಅರ್ಥದಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಪುರಭವನದಲ್ಲಿ ಸೇರುವವರು ನಾಗರಿಕರು, ಇಲ್ಲಿ ಸೇರುವವರು ಸಂಬಳದವರು. ಈ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ವೆಚ್ಚ ಕಡಿತ ಹಾಗೂ ನೇಮಕಾತಿ ಸ್ಥಗಿತವನ್ನು ಸಾರುವ ಭಾಷಣದಲ್ಲಿ. ಅಂಥ ಭಾಷಣದಲ್ಲಿ ಉತ್ತಮಪುರುಷ ಸರ್ವನಾಮ ಮಾಡುವ ಕೆಲಸವನ್ನು ಪರೀಕ್ಷಿಸುವುದು ಈ ವಿಮರ್ಶೆಯ ಉದ್ದೇಶ.

ಪರೀಕ್ಷೆಗೆ ಆಯ್ದುಕೊಂಡದ್ದು 2015ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅನ್‌ಅಕಾಡೆಮಿ ಸಂಸ್ಥೆಯ ಪ್ರಕರಣ. ಅದರ ಸಹಸಂಸ್ಥಾಪಕ ಗೌರವ್ ಮುಂಜಾಲ್ 2022ರಲ್ಲಿ ನೌಕರರಿಗೆ ಕಳುಹಿಸಿದ ಸಂದೇಶಗಳು ಪತ್ರಿಕೆಗಳಲ್ಲಿ ವರದಿಯಾದವು. ಅವು ವೇದಿಕೆಯ ಮಾತುಗಳಲ್ಲ, ಇಂಗ್ಲಿಷ್ ಬರಹಗಳು. ಆದರೆ ಉದ್ದೇಶ ಮತ್ತು ಧಾಟಿಯಲ್ಲಿ ಟೌನ್‌ಹಾಲ್ ಭಾಷಣಕ್ಕಿಂತ ಭಿನ್ನವಲ್ಲ. ಮೇ ತಿಂಗಳ ಸಂದೇಶ ಬಂಡವಾಳದ ಬರಗಾಲ ಬಂದಿದೆಯೆಂದು ಎಚ್ಚರಿಸಿತು. ಜುಲೈ ತಿಂಗಳದ್ದು ಮಿತವ್ಯಯವನ್ನು ಸಂಸ್ಥೆಯ ಮೌಲ್ಯವೆಂದು ಸಾರಿ, ಕಚೇರಿಯ ಉಚಿತ ಊಟ ತಿಂಡಿಯನ್ನು ನಿಲ್ಲಿಸಿತು, ಮೇಲಧಿಕಾರಿಗಳ ದುಬಾರಿ ವಿಮಾನಯಾನವನ್ನು ರದ್ದುಮಾಡಿತು, ಸಂಸ್ಥಾಪಕರ ಸಂಬಳವನ್ನೂ ಕಡಿತಗೊಳಿಸಿತು. ನವೆಂಬರಿನಲ್ಲಿ ಶೇ. 10ರಷ್ಟು, ಅಂದರೆ ಸುಮಾರು 350 ಮಂದಿಯನ್ನು ಕೆಲಸದಿಂದ ತೆಗೆಯಲಾಯಿತು. ಇನ್ನು ಯಾರನ್ನೂ ತೆಗೆಯುವುದಿಲ್ಲವೆಂದು ತಾನು ಹಿಂದೆ ಹೇಳಿದ್ದನ್ನು ಮುಂಜಾಲ್ ಆ ಸಂದೇಶದಲ್ಲಿಯೇ ಒಪ್ಪಿಕೊಂಡರು. ಆದರೆ ನಿರ್ಧಾರವನ್ನು ಮರುಪರಿಶೀಲಿಸುವಂತೆ ಒತ್ತಾಯಿಸಿದ ಕರ್ತೃ ಆ ವಾಕ್ಯದಲ್ಲಿ ಮಾರುಕಟ್ಟೆ. ಭರವಸೆ ಕೊಟ್ಟದ್ದು ‘ನಾನು’. ಅದನ್ನು ಮುರಿಸಿದ್ದು ಮಾರುಕಟ್ಟೆ. ಅದರ ಒತ್ತಾಯಕ್ಕೆ ಒಳಗಾದದ್ದು ‘ನಾವು’.

ಈ ‘ನಾವು’ ಯಾರು? ಇಂಗ್ಲಿಷಿನಲ್ಲಿ ಉತ್ತರ ಸಿಗದು. ಕನ್ನಡದಲ್ಲಿಯೂ ಮೇಲ್ನೋಟಕ್ಕೆ ಸಿಗದು. ತಮಿಳಿನ ನಾಮ್–ನಾಂಗಳ್, ತೆಲುಗಿನ ಮನಮು–ಮೇಮು, ತುಳುವಿನ ನಮ–ಎಂಕುಲು ಜೋಡಿಗಳು ಕೇಳುಗರನ್ನು ಒಳಗೊಳ್ಳುವ ‘ನಾವು’ ಮತ್ತು ಹೊರಗಿಡುವ ‘ನಾವು’ ಇವೆರಡನ್ನೂ ಬೇರ್ಪಡಿಸುತ್ತವೆ. ಮರಾಠಿಯ ಆಪಣ–ಆಮ್ಹೀ ಜೋಡಿಯೂ ಅದನ್ನೇ ಮಾಡುತ್ತದೆ. ಸುತ್ತಲಿನ ಭಾಷೆಗಳಲ್ಲಿ ಉಳಿದಿರುವ ಈ ಭೇದ ಇಂದಿನ ಕನ್ನಡದ ಸರ್ವನಾಮದಲ್ಲಿಲ್ಲ. ‘ನಾವು ಖರ್ಚು ಕಡಿಮೆ ಮಾಡುತ್ತೇವೆ’ ಎಂದರೆ ಮಾಡುವವರು ಮಾಲೀಕರೋ ಎಲ್ಲರೋ ತಿಳಿಯದು.

ಆದರೆ ಸರ್ವನಾಮ ಕಳೆದುಕೊಂಡದ್ದನ್ನು ಕ್ರಿಯಾಪದ ಒಂದು ಮೂಲೆಯಲ್ಲಿ ಉಳಿಸಿಕೊಂಡಿದೆ. ‘ಮಾಡೋಣ’ ಎಂಬ ರೂಪ ಕೇಳುಗನನ್ನು ಹೊರಗಿಟ್ಟು ನಿಲ್ಲಲಾರದು. ಹಾವೇರಿ ಕಡೆಯ ‘ಮಾಡೂಣು’ ಎಂಬುದಕ್ಕೂ ಇದೇ ನಿಯಮ. ಆದ್ದರಿಂದ ಸಂದೇಹವುಳ್ಳ ‘ನಾವು’ ಎದುರಾದಾಗ ಆ ವಾಕ್ಯದ ಕ್ರಿಯಾಪದವನ್ನು ‘-ಓಣ’ ರೂಪಕ್ಕೆ ತಿರುಗಿಸಿ ನೋಡಬಹುದು. ‘ಊಟದ ಖರ್ಚು ಬಿಡೋಣ’ ಎಂಬ ವಾಕ್ಯ ನಿಲ್ಲುತ್ತದೆ. ‘ಸಂಬಳ ಸ್ವಲ್ಪ ಕಡಿಮೆ ತೆಗೆದುಕೊಳ್ಳೋಣ’ ಎಂಬುದು ಹೇಳುವವನ ಸಂಬಳವೂ ಕಡಿತವಾಗಿದ್ದರೆ ನಿಲ್ಲುತ್ತದೆ. ಜುಲೈ ಸಂದೇಶಕ್ಕೆ ಅಷ್ಟು ಅರ್ಹತೆ ಇತ್ತು. ‘350 ಮಂದಿಯನ್ನು ತೆಗೆಯೋಣ’ ಎಂಬುದನ್ನು ಆ 350 ಮಂದಿಯೂ ಕುಳಿತಿರುವ ಸಭೆಯಲ್ಲಿ ಯಾವ ಕನ್ನಡಿಗನೂ ಆಡಲಾರ. ವ್ಯಾಕರಣದ ದೃಷ್ಟಿಯಿಂದ ವಾಕ್ಯ ಸರಿ; ಆಡುವ ಸಂದರ್ಭ ಮಾತ್ರ ಅಸಾಧ್ಯ. ಜುಲೈಯ ‘ನಾವು’ ಮತ್ತು ನವೆಂಬರಿನ ‘ನಾವು’ ಒಂದೇ ಅಲ್ಲವೆಂಬುದು ಹೀಗೆ ಬಯಲಾಗುತ್ತದೆ. ಮೊದಲನೆಯದರಲ್ಲಿ ಗಳಿಸಿದ ಆಪ್ತತೆಯನ್ನು ಎರಡನೆಯದು ಸದ್ದಿಲ್ಲದೆ ಖರ್ಚುಮಾಡಿತು ಎಂಬುದು ನನ್ನ ಆಕ್ಷೇಪ.

ಇನ್ನು ಕರ್ತೃವಿನ ವಿಚಾರ. ಹೊಣೆಯನ್ನು ಮರೆಮಾಡಲು ಇಂಗ್ಲಿಷಿಗೆ ಕರ್ಮಣಿ ಪ್ರಯೋಗ ಬೇಕು ಎನ್ನುವುದು ರೂಢಿಯ ಮಾತು. ಕನ್ನಡಕ್ಕೆ ಅದರ ಅಗತ್ಯವೇ ಇಲ್ಲ. ‘ಇಸು’ ಪ್ರತ್ಯಯವನ್ನು ಬಿಟ್ಟರೆ ಸಾಕು. ‘ನೇಮಕಾತಿ ನಿಲ್ಲಿಸಿದ್ದೇನೆ’ ಎಂಬಲ್ಲಿ ನಿಲ್ಲಿಸಿದವನೊಬ್ಬನಿದ್ದಾನೆ. ‘ನೇಮಕಾತಿ ನಿಂತಿದೆ’ ಎಂಬಲ್ಲಿ ಅದು ಮಳೆ ನಿಂತಂತೆ, ಗಡಿಯಾರ ನಿಂತಂತೆ ತಾನೇ ನಿಂತಿದೆ. 2023ರ ಜನವರಿಯಲ್ಲಿ 380 ಮಂದಿಯನ್ನು ತೆಗೆದಾಗ ಸ್ವಿಗ್ಗಿಯ ಶ್ರೀಹರ್ಷ ಮಜೆಟಿ ಬರೆದ ಪತ್ರ ಈ ದೃಷ್ಟಿಯಿಂದ ಮೇಲು. ಅತಿಯಾಗಿ ನೇಮಿಸಿಕೊಂಡದ್ದು ತಪ್ಪು ನಿರ್ಣಯವೆಂದೂ ತಾನು ಇನ್ನೂ ಚೆನ್ನಾಗಿ ನಡೆದುಕೊಳ್ಳಬೇಕಿತ್ತೆಂದೂ ಅವರು ಒಪ್ಪಿಕೊಂಡರು. ಅಲ್ಲಿಯೂ ತಪ್ಪು ಒಂದು ಭಾವನಾಮವಾಗಿ ‘ನಮ್ಮದು’ ಆಗಿದೆ. ‘ನಾನು’ ಬರುವುದು ಅದರ ಅನಂತರ. ಆದರೂ ಬಂದಿದೆ.

ಈ ಸಾಧನಗಳು ಹಾವೇರಿ ಜಿಲ್ಲೆಯ ಕನ್ನಡದಲ್ಲಿ ಹೇಗೆ ವರ್ತಿಸುತ್ತವೆ ಎಂಬುದು ಬೇರೆಯಾಗಿ ನೋಡತಕ್ಕ ಸಂಗತಿ. ಬೆಂಗಳೂರಿನ ಸಂದೇಶಗಳು ಇಂಗ್ಲಿಷಿನಲ್ಲಿದ್ದವು. ರಾಣೇಬೆನ್ನೂರಿನ ಬೀಜ ಸಂಸ್ಕರಣಾ ಘಟಕದ ಮಾಲೀಕನಿಗೆ ಆ ಮರೆ ಇಲ್ಲ. ಆತ ತನ್ನ ಕೆಲಸಗಾರರ ಎದುರು ನಿಂತು ಆಡಬಹುದಾದ ಮಾತನ್ನು ಉದಾಹರಣೆಗಾಗಿ ನಾನೇ ಹೀಗೆ ರಚಿಸಿದ್ದೇನೆ: ‘ಸದ್ಯಕ್ಕ ಹೊಸಬರನ್ನ ತೊಗೊಳ್ಳೂದಿಲ್ಲ, ಇದ್ದವರನ್ನ ತಗಿಯೂದಿಲ್ಲ.’ ನೇಮಿಸುವುದು, ವಜಾ ಮಾಡುವುದು ಎರಡಕ್ಕೂ ಇಲ್ಲಿ ಧಾತು ಒಂದೇ: ‘ತೆಗೆ’. ಆತ್ಮಾರ್ಥಕವಾದ ‘ಕೊಳ್ಳು’ ಸೇರಿದರೆ ಮನುಷ್ಯ ಒಳಗೆ ಬರುತ್ತಾನೆ; ಸೇರದಿದ್ದರೆ ಹೊರಗೆ ಹೋಗುತ್ತಾನೆ. ಬೆಂಗಳೂರಿನ ಪ್ರಕರಣದಲ್ಲಿ ಮುರಿದದ್ದು ಈ ವಾಕ್ಯದ ಎರಡನೆಯ ಅರ್ಧ. ಕೆಲಸಗಾರ ಕಿವಿಗೊಡುವುದೂ ಅದಕ್ಕೇ.

ಆದರೆ ಈ ವಾಕ್ಯದ ದುರ್ಬಲ ಸ್ಥಾನ ಕ್ರಿಯಾಪದವಲ್ಲ, ‘ಸದ್ಯಕ್ಕ’. ‘ಉದಿಲ್ಲ’ ಎಂಬ ನಿಷೇಧ ರೂಪ ವಾಡಿಕೆಯನ್ನೂ ಹೇಳುತ್ತದೆ, ಭವಿಷ್ಯವನ್ನೂ ಹೇಳುತ್ತದೆ, ಗಡುವನ್ನು ಹೇಳುವುದಿಲ್ಲ. ‘ಸದ್ಯಕ್ಕ’ ಎಂಬ ಕ್ರಿಯಾವಿಶೇಷಣ ಗಡುವಿನಂತೆ ಕೇಳಿಸುತ್ತದೆಯಾದರೂ ಗಡುವಲ್ಲ. ಅಲ್ಲದೆ ಅದು ವಾಕ್ಯದ ಆರಂಭದಲ್ಲಿರುವುದರಿಂದ ಮೊದಲ ಅರ್ಧಕ್ಕಷ್ಟೇ ಅನ್ವಯಿಸುತ್ತದೋ ಎರಡಕ್ಕೂ ಅನ್ವಯಿಸುತ್ತದೋ ನಿರ್ಧರಿಸಲಾಗದು. ಎರಡಕ್ಕೂ ಎಂದಾದರೆ ಭರವಸೆಯೂ ಸದ್ಯದ್ದೇ. ಇದಕ್ಕೆ ಪರಿಹಾರ ಆ ನೆಲದ ನುಡಿಯಲ್ಲಿಯೇ ಇದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ‘ಹಂಗಾಮಿ’ನಿಂದ ಕಾಲವನ್ನು ಅಳೆಯುತ್ತದೆ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಆವಕ ಏರುತ್ತದೆ, ದುಡಿಯುವವರೂ ಆಗ ಹೆಚ್ಚು ಬೇಕಾಗುತ್ತಾರೆ. ‘ಮುಂದಿನ ಹಂಗಾಮಿನ ತನಕ ಯಾರನ್ನೂ ತಗಿಯೂದಿಲ್ಲ’ ಎಂದರೆ ಆ ಮಾತು ನಿಂತಿತೋ ಬಿದ್ದಿತೋ ಎಂಬುದನ್ನು ಯಾವಾಗ ನೋಡಬೇಕೆಂದು ಹಮಾಲನಿಗೂ ಗುಮಾಸ್ತನಿಗೂ ತಿಳಿಯುತ್ತದೆ. ಮಾಲೀಕರು ‘ಸದ್ಯಕ್ಕ’ ಎಂಬುದನ್ನು ಮೆಚ್ಚುವುದಕ್ಕೂ ಬಹುಶಃ ಇದೇ ಕಾರಣ.

‘-ಓಣ’ ಪರೀಕ್ಷೆಗೆ ಮಿತಿಗಳಿವೆ. ‘ಕಡಿಮಿ ಮಾಡೂಣು ಅಂತ ನಿರ್ಧಾರ ಮಾಡೇವಿ’ ಎಂದು ‘ಅಂತ’ ಸೇರಿಸಿದೊಡನೆ ಕೇಳುಗ ಹೊರಬೀಳುತ್ತಾನೆ. ಆ ಒಳಗಿನ ಮಾತು ಮಾಲೀಕರು ತಮ್ಮತಮ್ಮಲ್ಲಿಯೇ ಆಡಿಕೊಂಡದ್ದಾಗುತ್ತದೆ. ಇನ್ನೊಂದು ಮಿತಿ ಸಭೆಯ ಕೊನೆಯಲ್ಲಿ, ಪ್ರಶ್ನೋತ್ತರದ ಹೊತ್ತಿಗೆ ಎದುರಾಗುತ್ತದೆ. ‘ಮುಂದಿನ ಹಂಗಾಮಿಗೆ ನಮ್ಮ ಕೆಲಸ ಇರತೈತೇನ್ರೀ ಸಾಹುಕಾರ್ರ?’ ಎಂದು ಯಾರಾದರೂ ಕೇಳಿದರೆ ಬರಬಹುದಾದ ಉತ್ತರ ‘ನೋಡೂಣು’. ರೂಪದಲ್ಲಿ ಅದು ಕೇಳುಗನನ್ನು ಪೂರ್ತಿಯಾಗಿ ಒಳಗೊಂಡಿದೆ. ಲೆಕ್ಕದ ಪುಸ್ತಕ ಮಾತ್ರ ಮಾಲೀಕನ ಕೈಯಲ್ಲಿದೆ. ನೋಡಲು ಕೇಳುಗನ ಬಳಿ ಏನೂ ಇಲ್ಲ.