ಸಂಬಳದ ಶ್ರುತಿ, ಸಂಭಾವನೆಯ ಸಂಚಾರ

ಈ ವಾರ ಮುಖಾರಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ಕೂತವನೂ ಹೌದು. ಅಷ್ಟರಲ್ಲಿ ಹೊಳೆನರಸೀಪುರದಿಂದ ಒಬ್ಬ ಹುಡುಗ ಪಿಟೀಲಿನ ಪೆಟ್ಟಿಗೆಯ ಜೊತೆಗೆ ಒಂದು ಡೈರಿಯನ್ನೂ ಹಿಡಿದುಕೊಂಡು ಬಂದ. ಸಹಕಾರ ಸಂಘವೊಂದರಲ್ಲಿ ಗುಮಾಸ್ತ, ತಿಂಗಳಿಗೆ 26,000 ಸಂಬಳ. ಶನಿವಾರ, ಭಾನುವಾರ ಮಕ್ಕಳಿಗೆ ಪಾಠ. ಕರೆದಲ್ಲಿಗೆ ಹೋಗಿ ಪಕ್ಕವಾದ್ಯ ನುಡಿಸುತ್ತಾನೆ. "ಸಾರ್, ರಾಜೀನಾಮೆ ಬರೆದು ಡ್ರಾಯರಿನಲ್ಲಿಟ್ಟಿದ್ದೀನಿ. ನೀವೊಂದು ಮಾತು ಹೇಳಿದ್ರೆ ಕೊಟ್ಟುಬಿಡ್ತೀನಿ" ಅಂದ. ಮುಖಾರಿ ಅಲ್ಲಿಗೇ ನಿಂತಿತು.

ಅವನ ತಲೆಗೆ ಇದನ್ನು ತುಂಬಿದವರು ಯಾರೆಂದು ನನಗೆ ಗೊತ್ತು. ಹೆಸರು ಹೇಳುವುದಿಲ್ಲ. ಹಿಂದೊಮ್ಮೆ ವೇದಿಕೆಯ ಮೇಲೆ ನನ್ನ ಸ್ನೇಹಿತರೊಬ್ಬರನ್ನು, ಬ್ಯಾಂಕಿನಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ, "ನಮ್ಮ ಹವ್ಯಾಸಿ ಕಲಾವಿದರು" ಎಂದು ಪರಿಚಯಿಸಿದ ಕಾರ್ಯದರ್ಶಿಯ ಪಂಥ ಅದು. ಸಂಬಳ ಮುಟ್ಟಿದ ಕೈಗೆ ಸಂಗೀತ ಹತ್ತುವುದಿಲ್ಲ ಎಂಬುದು ಈ ಪಂಥದ ಸಿದ್ಧಾಂತ. ಅಂದು ನನ್ನ ಸ್ನೇಹಿತರು ಮುಕ್ಕಾಲು ಗಂಟೆ ತೋಡಿ ಹಾಡಿದರು. ಕಾರ್ಯದರ್ಶಿಗಳು ಹೊರಗೆ ಕಾಫಿ ಕುಡಿಯುತ್ತಿದ್ದರು.

ಈ ಪಂಥದವರು ಒಮ್ಮೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋಗಿ ಬರಬೇಕು. ಕಾವೇರಿ ದಂಡೆಯ, ಸಂಕೇತಿಗಳ ಆ ಪುಟ್ಟ ಊರು ಕರ್ನಾಟಕ ಸಂಗೀತಕ್ಕೆ ಕೊಟ್ಟ ಹೆಸರುಗಳನ್ನು ಓದುಗರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಆದರೆ ಆ ಹೆಸರುಗಳವರು ಅಕ್ಕಿ ಬೇಳೆ ಹೇಗೆ ತಂದರು ಎಂಬುದನ್ನು ಯಾರೂ ಬರೆಯುವುದಿಲ್ಲ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ದಶಕಗಳ ಕಾಲ ಆಕಾಶವಾಣಿಯ ನೌಕರಿಯಲ್ಲಿದ್ದವರು. ನಿವೃತ್ತಿಯ ಎಷ್ಟೋ ವರ್ಷಗಳ ನಂತರ, 1995ರಲ್ಲಿ, ಮದ್ರಾಸಿನ ಸಂಗೀತ ಕಲಾನಿಧಿ ಅವರನ್ನು ಹುಡುಕಿಕೊಂಡು ಬಂತು. ತೊಂಬತ್ತು ದಾಟಿದ ಮೇಲೂ ಹಾಡಿದರು. ರುದ್ರಪಟ್ಟಣಂ ಸಹೋದರರಲ್ಲಿ ಕಿರಿಯರಾದ ತಾರಾನಾಥನ್ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಯಾಗಿದ್ದವರು. ಹಗಲು ರಸಾಯನಶಾಸ್ತ್ರ, ಸಂಜೆ ಅಣ್ಣನ ಪಕ್ಕದಲ್ಲಿ ಕಛೇರಿ. ಇವರನ್ನೂ ಹವ್ಯಾಸಿಗಳೆನ್ನುವ ಧೈರ್ಯ ಯಾರಿಗಿದೆ?

ಬರವಣಿಗೆಯಲ್ಲೂ ನಮ್ಮ ಜಿಲ್ಲೆಯ ಉದಾಹರಣೆ ದೂರವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ 1991ರವರೆಗೆ ಮೇಷ್ಟ್ರಾಗಿದ್ದವರು. 'ವಂಶವೃಕ್ಷ', 'ಗೃಹಭಂಗ', 'ಪರ್ವ' ಮೂರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ ಕಾಲದವು. ಈ ಪಂಥದವರಿಗೆ ಭೈರಪ್ಪನವರ ಪುಸ್ತಕಗಳಲ್ಲಿ 'ಮಂದ್ರ'ದ ಮೋಹನಲಾಲನೇ ಅಚ್ಚುಮೆಚ್ಚು: ಸಂಗೀತವೊಂದನ್ನು ಬಿಟ್ಟು ಬೇರಾವುದಕ್ಕೂ ಕಟ್ಟುಬೀಳದ ಗಾಯಕ. ಆ ಗಾಯಕನನ್ನು ಸೃಷ್ಟಿಸಿದವರ ಕಿಸೆಗೆ ಪಿಂಚಣಿ ಬರುತ್ತಿತ್ತು ಎಂಬುದು ಮಾತ್ರ ಅವರಿಗೆ ಮರೆತುಹೋಗುತ್ತದೆ.

ಆದರೆ ಎಲ್ಲ ಸಂಬಳವೂ ಒಂದೇ ಅಲ್ಲ. ಹುಡುಗನಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಆಕಾಶವಾಣಿಯದು ಸಂಗೀತದೊಳಗಿನ ನೌಕರಿ. ಮೈಕಿನ ಮುಂದೆ ಕೂತು ಕೂತು ಕಿವಿ ಹರಿತವಾಗುತ್ತದೆ. ನಿಲಯದ ಕಲಾವಿದರ ಆ ಬಾಗಿಲು ಈಗ ಬಹುತೇಕ ಮುಚ್ಚಿದೆ. ಈಗ ಉಳಿದಿರುವ ಸಂಗೀತದೊಳಗಿನ ದುಡಿಮೆ ಎಂದರೆ ಪಾಠ, ಪಾಠ, ಮತ್ತೆ ಪಾಠ. ಅದು ಸಾಧಕದ ಅಂಗವನ್ನೇ ಸವೆಸುತ್ತದೆ. ಒಂದೂವರೆ ಮನೆಯ ಗಂಡುಶಾರೀರದವರು ಹೆಣ್ಣುಮಕ್ಕಳ ಐದು ಮನೆ ಶ್ರುತಿಗೆ ದಿನಕ್ಕೆ ನಾಲ್ಕು ಗಂಟೆ ಸರಳೆ ಹೇಳಿಕೊಟ್ಟು ಆರು ತಿಂಗಳಾದ ಮೇಲೆ ಅವರ ತಾರಸ್ಥಾಯಿ ಕೇಳಿ ನೋಡಿ. ಪಿಟೀಲಿನವನಿಗೆ ಗಂಟಲು ಉಳಿಯುತ್ತದೆ, ಕಿವಿ ಉಳಿಯುವುದಿಲ್ಲ. ಹತ್ತು ಮಕ್ಕಳ ಅಪಸ್ವರವನ್ನು ಸಂಜೆಯಿಡೀ ಸಹಿಸಿದವನಿಗೆ ತನ್ನ ಗಾಂಧಾರ ಕೊಂಚ ಕೆಳಗಿಳಿದದ್ದು ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತು ಹಾಡುವವರಿಗೆ ಮೊದಲು ತಿಳಿಯುತ್ತದೆ. ಅವರು ಹೇಳುವುದೂ ಇಲ್ಲ, ಮುಂದಿನ ಸಲ ಕರೆಯುವುದೂ ಇಲ್ಲ. ಗುಮಾಸ್ತಿಕೆ ಹಗಲನ್ನು ತಿನ್ನುತ್ತದೆ, ನಿಜ. ಬೆಳಗಿನ ಐದರಿಂದ ಎಂಟನ್ನು ಮುಟ್ಟುವುದಿಲ್ಲ.

ಆಮೇಲೆ ಡೈರಿ ಬಿಚ್ಚಿದೆವು. ಹುಡುಗನ ಲೆಕ್ಕ ಸರಳವಾಗಿತ್ತು. ಕೆಲಸ ಬಿಟ್ಟರೆ ಮೂವತ್ತು ಮಕ್ಕಳು ಸಿಗುತ್ತಾರೆ, ತಲೆಗೆ 600ರಂತೆ ತಿಂಗಳಿಗೆ 18,000. ಕಳೆದ ವರ್ಷ 17 ಕಛೇರಿಗಳಿಂದ 51,000 ಬಂದಿದೆ. ಅದನ್ನು ಹನ್ನೆರಡರಿಂದ ಭಾಗಿಸಿ ಪಾಠದ ಹಣಕ್ಕೆ ಸೇರಿಸಿದರೆ ತಿಂಗಳಿಗೆ 22,250. ಮನೆಯ ಖರ್ಚು 22,000. ಸರಿಹೋಯಿತಲ್ಲ!

ಸರಿಹೋಗಲಿಲ್ಲ. ಪಾಠದ ವರ್ಷಕ್ಕೆ ಹನ್ನೆರಡು ತಿಂಗಳಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಶಾಲೆಯ ಪರೀಕ್ಷೆ. ಅರ್ಧ ಮಕ್ಕಳು ಬರುವುದಿಲ್ಲ, 9,000. ಏಪ್ರಿಲ್, ಮೇನಲ್ಲಿ ಅಜ್ಜಿ ಮನೆ. ಎಂಟು ಮಕ್ಕಳು ಉಳಿದರೆ ಪುಣ್ಯ, 4,800. ಇನ್ನು ಕಛೇರಿಯ 51,000ದಲ್ಲಿ ಬಸ್ಸು, ಊಟ, ತಂತಿ, ಕಮಾನಿನ ಕೂದಲು ಎಲ್ಲಾ ಕಳೆದರೆ ಕೈಯಲ್ಲಿ ಉಳಿದದ್ದು 37,000. ಸಂಭಾವನೆಯನ್ನು ಮೊದಲೇ ಮಾತಾಡುವುದು ನಮ್ಮಲ್ಲಿ ಅಸಭ್ಯತೆ. ಲಕೋಟೆ ಬಿಚ್ಚುವುದು ಬಸ್‌ಸ್ಟ್ಯಾಂಡಿನಲ್ಲಿ. ಅದೂ ರಾಮನವಮಿ ಮತ್ತು ಗಣಪತಿಯ ಸುತ್ತ ಗುಂಪುಗೂಡಿ ಬರುವ ಹಣ. ಆಷಾಢದ ಪುಟ ಪೂರ್ತಿ ಖಾಲಿ. ಧನುರ್ಮಾಸದ ಎರಡು ದೇವಸ್ಥಾನದ ಸೇವೆಗೆ ಸಿಕ್ಕಿದ್ದು ಪ್ರಸಾದ ಮತ್ತು ಶಾಲು. ಎಲ್ಲ ಕೂಡಿಸಿ ನೋಡಿದರೆ ವರ್ಷಕ್ಕೆ 2,08,600. ಬೇಕಾದದ್ದು 2,64,000. ಕೊರತೆ 55,400.

ಹುಡುಗನ ಮುಖ ಬಾಡಿತು. ಆದರೆ ಕೊರತೆಯನ್ನು ತುಂಬಲು ಇನ್ನಷ್ಟು ಕಛೇರಿ ಹುಡುಕಬೇಕು ಎಂದು ಅವನು ಅಂದಾಗ ಬೈದೆ. ಅಲೆಯುವ ಹಣದ ತೂತನ್ನು ಅಲೆಯುವ ಹಣದಿಂದ ಮುಚ್ಚಲಾಗದು. ಕೂತಿರುವ ಹಣ ಬೇಕು. ಅವನ ಊರಿನ ಶಾಲೆಯೊಂದು ವಾರಕ್ಕೆ ಎರಡು ದಿನ ಸಂಗೀತದ ಪೀರಿಯಡ್‌ಗೆ ಬನ್ನಿ ಎಂದು ಕೇಳಿತ್ತಂತೆ. ತಿಂಗಳಿಗೆ 5,000, ಹತ್ತು ತಿಂಗಳು. ಮಕ್ಕಳ ಗಲಾಟೆ ಎಂದು ಬೇಡ ಅಂದಿದ್ದ. ಅದೊಂದರಿಂದಲೇ 50,000. ಮತ್ತೊಂದು, ದೊಡ್ಡವರ ತರಗತಿ. ನಿವೃತ್ತರು, ಮನೆಗೆಲಸ ಮುಗಿಸಿ ಹನ್ನೊಂದಕ್ಕೆ ಬಿಡುವಾಗುವ ಹೆಂಗಸರು. ಇವರಿಗೆ ಮಾರ್ಚಿನ ಪರೀಕ್ಷೆ ಇಲ್ಲ. ಅಂಥ ಆರು ಜನ ಸಿಕ್ಕರೆ ವರ್ಷಕ್ಕೆ 43,200. ಇವೆರಡೂ ಹಗಲಿನವು, ಬೆಳಗಿನ ಸಾಧಕಕ್ಕೆ ಅಡ್ಡಬರುವುದಿಲ್ಲ. ಮಕ್ಕಳ ಶುಲ್ಕವನ್ನು ತಿಂಗಳು ತಿಂಗಳು ಕೇಳದೆ ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ತೆಗೆದುಕೊಳ್ಳಬೇಕು. ಹಾಗೆ ಮಾಡಿದರೆ "ಈ ತಿಂಗಳು ಎರಡೇ ಕ್ಲಾಸಿಗೆ ಬಂದಿದ್ದು ಮೇಷ್ಟ್ರೇ" ಎಂಬ ಚೌಕಾಸಿ ನಿಲ್ಲುತ್ತದೆ.

"ಹಾಗಾದ್ರೆ ಕೊಟ್ಟುಬಿಡ್ಲಾ ಸಾರ್?" ಅಂದ. ಇಲ್ಲ. ಶಾಲೆಯವರ ಮಾತು ಕಾಗದದ ಮೇಲೆ ಬರಲಿ. ದೊಡ್ಡವರ ತರಗತಿಯನ್ನು ಈಗಿನಿಂದಲೇ ಭಾನುವಾರ ಶುರುಮಾಡು, ಬಂದವರು ಆರು ತಿಂಗಳು ನಿಲ್ಲುತ್ತಾರೋ ನೋಡು. ಆರು ತಿಂಗಳ ಮನೆಖರ್ಚು, ಎಂದರೆ 1,32,000, ಬ್ಯಾಂಕಿನಲ್ಲಿ ಕೂರಲಿ. ಸಂಬಳ ಕೈಯಲ್ಲಿರುವಾಗಲೇ ಒಂದು ಏಪ್ರಿಲ್, ಮೇ ದಾಟಿ ನೋಡು. ಆ ಎರಡು ತಿಂಗಳು ಸಂಬಳ ಮುಟ್ಟದೆ ಮನೆ ನಡೆದರೆ ಡ್ರಾಯರ್ ತೆಗೆ.

ಎದ್ದು ಹೊರಡುವಾಗ ಪೆಟ್ಟಿಗೆ ಬಿಚ್ಚಿ ಒಂದು ವರ್ಣ ನುಡಿಸಿದ. ಗಾಂಧಾರ ಸದ್ಯಕ್ಕೆ ನೆಟ್ಟಗಿದೆ. ಮುಖಾರಿ ಮುಂದಿನ ವಾರ.